ದರ ಹೆಚ್ಚಿರುವ ಯಂತ್ರವೋ, ಮೊತ್ತ ಹೆಚ್ಚಿರುವ ಯಂತ್ರವೋ?

ಹುಬ್ಬಳ್ಳಿ ಮುದ್ರಕ: ನಮ್ಮ ಮುದ್ರಣಾಲಯದ ಹಿಂದೆ ಒಂದೇ ಯಂತ್ರ ಕೂರಿಸುವಷ್ಟು ಜಾಗವಿದೆ. ನೋಟ್‌ಬುಕ್ ಯಂತ್ರಕ್ಕೆ 10 ಲಕ್ಷ ಹಾಕಿದರೆ ಮೂರು ವರ್ಷಗಳಲ್ಲಿ ಕ್ರಮವಾಗಿ 7, 4, 2 ಲಕ್ಷ ಕೈಗೆ ಬರುತ್ತದೆ. ರಟ್ಟಿನ ಡಬ್ಬಿ ಯಂತ್ರಕ್ಕೂ 10 ಲಕ್ಷವೇ, ಆದರೆ ಬರುವುದು 2, 4, 8.5 ಲಕ್ಷ. ಬಡ್ಡಿ 11%. ಎಕ್ಸೆಲ್ ಪ್ರಕಾರ ಎನ್‌ಪಿವಿ, ಅಂದರೆ ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸಿ ಹೂಡಿಕೆ ಕಳೆದರೆ ಉಳಿಯುವ ಮೊತ್ತ, ನೋಟ್‌ಬುಕ್‌ಗೆ ₹91,500, ಡಬ್ಬಿಗೆ ₹1,13,800. ಐಆರ್‌ಆರ್, ಅಂದರೆ ಎನ್‌ಪಿವಿ ಸೊನ್ನೆಯಾಗುವ ದರ, ನೋಟ್‌ಬುಕ್‌ಗೆ 18.2%, ಡಬ್ಬಿಗೆ 16.7%. ಯಾವುದನ್ನು ನಂಬಲಿ?

ಎಂಬಿಎ ಎರಡನೇ ವರ್ಷ: ಕಣ್ಣು ಮುಚ್ಚಿಕೊಂಡು ಎನ್‌ಪಿವಿಯನ್ನು ನಂಬಿ, ಸರ್. ನಡುವೆ ಬಂದ ಹಣವನ್ನೆಲ್ಲ ಅದೇ 18.2% ದರದಲ್ಲಿ ಮತ್ತೆ ಹೂಡುತ್ತೀರಿ ಎಂದು ಐಆರ್‌ಆರ್ ಭಾವಿಸುತ್ತದೆ. ಅಂಥ ಅವಕಾಶ ಯಾರಿಗೂ ಸಿಗುವುದಿಲ್ಲವಾದ್ದರಿಂದ ಆ ಅಂಕಿಯೇ ತಪ್ಪು ಎಂದು ನಮಗೆ ತರಗತಿಯಲ್ಲಿ ಹೇಳಿಕೊಟ್ಟಿದ್ದಾರೆ.

ಲೆಕ್ಕಿಗ: ಮೊದಲು ಒಂದು ತಿದ್ದುಪಡಿ. ಎಕ್ಸೆಲ್‌ನ NPV ಸೂತ್ರವು ತನಗೆ ಕೊಟ್ಟ ಮೊದಲ ಮೊತ್ತವೂ ಒಂದು ವರ್ಷ ಕಳೆದ ಮೇಲಿನದು ಎಂದೇ ಎಣಿಸುತ್ತದೆ. ನೀವು ಇಂದಿನ 10 ಲಕ್ಷವನ್ನೂ ಅದರೊಳಗೇ ಸೇರಿಸಿದ್ದೀರಿ. ಅದನ್ನು ಹೊರಗಿಟ್ಟು ಹೀಗೆ ಬರೆಯಬೇಕು:

```
=NPV(11%,B3:B5)+B2
```

B2ರಲ್ಲಿ -10 ಇರಲಿ. ಆಗ ನೋಟ್‌ಬುಕ್‌ಗೆ ಸುಮಾರು ₹1,01,500, ಡಬ್ಬಿಗೆ ಸುಮಾರು ₹1,26,300 ಬರುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಏರುವುದರಿಂದ ಶ್ರೇಣಿ ಬದಲಾಗುವುದಿಲ್ಲ, ಆದರೆ ಬ್ಯಾಂಕಿಗೆ ಕೊಡುವ ಕಾಗದದಲ್ಲಿ ಈ ತಪ್ಪು ಇರಬಾರದು.

ಇನ್ನು ಎಂಬಿಎ ಮಿತ್ರರ ಮಾತು ಅರ್ಧ ಸರಿ. ಐಆರ್‌ಆರ್ ಲೆಕ್ಕ ಹಾಕಲು ಮರುಹೂಡಿಕೆಯ ಊಹೆಯೇ ಬೇಕಿಲ್ಲ. ಯೋಜನೆಯಲ್ಲಿ ಇನ್ನೂ ಸಿಕ್ಕಿಕೊಂಡಿರುವ ಹಣವು ಯಾವ ದರದಲ್ಲಿ ದುಡಿಯುತ್ತಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಮತ್ತು ಆ ಹೇಳಿಕೆ ನಿಜವೇ ಆಗಿರುತ್ತದೆ. ಎರಡು ದರಗಳನ್ನು ಪಕ್ಕಪಕ್ಕ ಇಟ್ಟು ದೊಡ್ಡದನ್ನು ಆರಿಸುವಾಗ ತಪ್ಪು ನುಸುಳುತ್ತದೆ. ನೋಟ್‌ಬುಕ್‌ನಲ್ಲಿ ಹೆಚ್ಚಿನ ಹಣ ಮೊದಲ ವರ್ಷವೇ ಹೊರಬರುವುದರಿಂದ, ಆ 18.2% ದುಡಿಯುವುದು ಬೇಗ ಕರಗಿಹೋಗುವ ಸಣ್ಣ ಮೊತ್ತದ ಮೇಲೆ.

ಆದ್ದರಿಂದ ಎರಡನ್ನೂ ಒಂದರಿಂದೊಂದು ಕಳೆಯಿರಿ. ಡಬ್ಬಿಯಿಂದ ನೋಟ್‌ಬುಕ್ ಕಳೆದರೆ ಇಂದು ಸೊನ್ನೆ, ಮೊದಲ ವರ್ಷ 5 ಲಕ್ಷ ಕಡಿಮೆ, ಎರಡನೆಯ ವರ್ಷ ಸೊನ್ನೆ, ಮೂರನೆಯ ವರ್ಷ 6.5 ಲಕ್ಷ ಹೆಚ್ಚು. ಅಂದರೆ ಡಬ್ಬಿಯನ್ನು ಆರಿಸುವುದೆಂದರೆ, ನೋಟ್‌ಬುಕ್ ತಂದುಕೊಡುತ್ತಿದ್ದ 5 ಲಕ್ಷವನ್ನು ಮೊದಲ ವರ್ಷದ ಕೊನೆಗೆ ಬಿಟ್ಟುಕೊಟ್ಟು, ಎರಡು ವರ್ಷ ಕಾದು 6.5 ಲಕ್ಷ ಪಡೆದಂತೆ. ಈ ಕಾಯುವಿಕೆಯ ದರ ಸುಮಾರು 14%. ಆ 5 ಲಕ್ಷ ಕೈಗೆ ಬಂದಿದ್ದರೆ ಏನು ಮಾಡುತ್ತಿದ್ದಿರಿ? 11% ಸಾಲ ತೀರಿಸುವುದಷ್ಟೇ ಆಗಿದ್ದರೆ ಎರಡು ವರ್ಷಕ್ಕೆ ಅದರ ಬೆಲೆ ಸುಮಾರು 6.16 ಲಕ್ಷ, ಹಾಗಾಗಿ ಡಬ್ಬಿಯೇ ಮೇಲು. 14%ಕ್ಕಿಂತ ಹೆಚ್ಚು ದುಡಿಸುವ ಜಾಗ ನಿಜವಾಗಿಯೂ ಇದ್ದರೆ ನೋಟ್‌ಬುಕ್ ಮೇಲು; ಆ ದರದಲ್ಲಿ ಎನ್‌ಪಿವಿ ಕೂಡ ನೋಟ್‌ಬುಕ್ ಎಂದೇ ಹೇಳುತ್ತದೆ, ಜಗಳವೇ ಇರುವುದಿಲ್ಲ.

ಕಲ್ಲುಗಣಿ: ನನ್ನದೂ ಇದೇ ಸಮಸ್ಯೆ. 10 ಲಕ್ಷ ಹೂಡಿದರೆ ಮೊದಲ ವರ್ಷ 23 ಲಕ್ಷ ಬರುತ್ತದೆ, ಎರಡನೆಯ ವರ್ಷ ಗುಂಡಿ ಮುಚ್ಚಿ ಜಾಗ ಸರಿಪಡಿಸಲು 13.2 ಲಕ್ಷ ಹೋಗುತ್ತದೆ. ಎಕ್ಸೆಲ್ ಒಮ್ಮೆ 10% ಎಂದಿತು, ಊಹೆಯ ದರವನ್ನು 30% ಎಂದು ಕೊಟ್ಟಾಗ 20% ಎಂದಿತು. ಹಾಗಾದರೆ ನಾನೂ ಕಳೆಯುವ ಲೆಕ್ಕ ಮಾಡಬೇಕೇ?

ಲೆಕ್ಕಿಗ: ಇಲ್ಲ ಸ್ವಾಮಿ, ನಿಮ್ಮದು ಬೇರೆ ಕಾಯಿಲೆ. ಎರಡು ಯೋಜನೆಗಳ ನಡುವಿನ ಜಗಳ ಅದಲ್ಲ. ಒಂದೇ ಯೋಜನೆಯಲ್ಲಿ ಹಣದ ದಿಕ್ಕು ಎರಡು ಬಾರಿ ತಿರುಗಿರುವುದರಿಂದ 10% ಮತ್ತು 20% ಎರಡೂ ಗಣಿತದ ಪ್ರಕಾರ ಸರಿಯುತ್ತರಗಳೇ. ಲೋರಿ ಮತ್ತು ಸ್ಯಾವೇಜ್ ಎಂಬ ಅಮೆರಿಕದ ವಿದ್ವಾಂಸರು 1955ರಲ್ಲೇ ತೈಲದ ಪಂಪಿನ ಉದಾಹರಣೆಯಿಂದ ಇದನ್ನು ತೋರಿಸಿದ್ದರು. ಅಲ್ಲಿ ಬಂದ ಎರಡು ದರಗಳು 25% ಮತ್ತು 400%. ನಿಮ್ಮ ಗಣಿಯ ಎನ್‌ಪಿವಿ ನೋಡಿದರೆ 11%ರಲ್ಲಿ ಸಾವಿರ ರೂಪಾಯಿಯನ್ನೂ ಮುಟ್ಟುವುದಿಲ್ಲ, ಅಂದರೆ ಹೆಚ್ಚುಕಡಿಮೆ ಬಂದಷ್ಟೇ ಹೋಗುತ್ತದೆ. ಆ ಚರ್ಚೆಯನ್ನು ಪ್ರತ್ಯೇಕವಾಗಿ ತೆರೆಯಿರಿ.

ನಿವೃತ್ತ ಬ್ಯಾಂಕ್ ನೌಕರ: ಮೂವತ್ತು ವರ್ಷ ಸಾಲದ ಅರ್ಜಿಗಳನ್ನು ನೋಡಿದವನಾಗಿ ನಾನು ಡಬ್ಬಿಯ ಪರ ಸುಲಭವಾಗಿ ವಾಲಲಾರೆ. 10 ಲಕ್ಷವನ್ನು 11%ರಲ್ಲಿ ಮೂರು ಸಮ ವಾರ್ಷಿಕ ಕಂತುಗಳಲ್ಲಿ ತೀರಿಸಬೇಕೆಂದರೆ ಒಂದೊಂದು ಕಂತು ಸುಮಾರು 4.09 ಲಕ್ಷ. ಡಬ್ಬಿ ಯಂತ್ರ ಮೊದಲ ವರ್ಷ ತರುವುದು 2 ಲಕ್ಷ ಮಾತ್ರ, ಎರಡನೆಯ ವರ್ಷವೂ ಕಂತಿಗೆ ಸ್ವಲ್ಪ ಸಾಲದು. ಮೂರನೆಯ ವರ್ಷದ 8.5 ಲಕ್ಷವನ್ನು ತೋರಿಸಿ ಇಂದಿನ ಕಂತು ಕಟ್ಟಲಾಗದು. ಇನ್ನೊಂದು ಮಾತು: 11% ಎಂಬುದು ಬ್ಯಾಂಕು ಕೇಳುವ ದರ. ನಿಮ್ಮ ಸ್ವಂತ ಹಣವೂ ಸೇರಿದ್ದರೆ, ಅಥವಾ ಈ ಸಾಲದಿಂದಾಗಿ ಮುಂದಿನ ಸಾಲ ಸಿಗದೆ ಹೋದರೆ, ನಿಮ್ಮ ನಿಜವಾದ ದರ 11% ಅಲ್ಲ. ಅದು 14% ದಾಟಿಲ್ಲ ಎಂದು ಲೆಕ್ಕಿಗರು ಹೇಗೆ ಹೇಳುತ್ತಾರೆ?

ಲೆಕ್ಕಿಗ: ಹೇಳಲಾರೆ, ಅದನ್ನು ಮುದ್ರಕರೇ ಹೇಳಬೇಕು. ಆದರೆ ಕಂತಿನ ಕೊರತೆ ಸಾಲದ ರೂಪಕ್ಕೆ ಸೇರಿದ್ದು, ಯಂತ್ರದ ಯೋಗ್ಯತೆಗಲ್ಲ. ಮೊದಲ ವರ್ಷ ಬಡ್ಡಿ ಮಾತ್ರ ಕಟ್ಟಿಸಿಕೊಳ್ಳುವ ಏರ್ಪಾಡಿಗೆ ಬ್ಯಾಂಕು ಒಪ್ಪಿದರೆ 1.1 ಲಕ್ಷ ಸಾಕು. ಒಪ್ಪದಿದ್ದರೆ ಮಾತ್ರ ನಿಮ್ಮ ಆಕ್ಷೇಪಣೆ ಗೋಡೆಯಂತೆ ನಿಲ್ಲುತ್ತದೆ, ಆಗ ಎನ್‌ಪಿವಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಹಾಗೆಂದು ಐಆರ್‌ಆರ್ ಕೂಡ ಈ ಕೊರತೆಯನ್ನು ತೋರಿಸಿರಲಿಲ್ಲ ಎಂಬುದನ್ನು ಮರೆಯಬಾರದು.

ನನಗೆ ಇದಕ್ಕಿಂತ ಹೆಚ್ಚಿನ ಚಿಂತೆ ಬೇರೆ ಇದೆ. ಎರಡು ಎನ್‌ಪಿವಿಗಳ ನಡುವಿನ ಅಂತರ ಸುಮಾರು ₹24,800. ಮೂರನೆಯ ವರ್ಷದ ಲೆಕ್ಕಕ್ಕೆ ತಂದರೆ ಅದು ಸುಮಾರು ₹34,000. ಡಬ್ಬಿಯ 8.5 ಲಕ್ಷ ಅಷ್ಟು ತಗ್ಗಿದರೆ, ಅಂದರೆ ನೂರಕ್ಕೆ ನಾಲ್ಕರಷ್ಟು ಇಳಿದರೆ, ಎರಡೂ ಯಂತ್ರಗಳು ಸಮ. ಆ 8.5 ಲಕ್ಷ ಎಲ್ಲಿಂದ ಬಂತು, ಮುದ್ರಕರೇ?

ಎಂಬಿಎ ಎರಡನೇ ವರ್ಷ: ಹಾಗಾದರೆ ಕೊನೆಗೆ ಎನ್‌ಪಿವಿಯೇ ಗೆದ್ದಿತಲ್ಲ?

ನಿವೃತ್ತ ಬ್ಯಾಂಕ್ ನೌಕರ: 11% ಎಂದು ಒಪ್ಪಿಕೊಂಡರೆ ಗೆದ್ದಿತು. ನಾನಿನ್ನೂ ಒಪ್ಪಿಲ್ಲ.

ಹುಬ್ಬಳ್ಳಿ ಮುದ್ರಕ: ಎಲ್ಲರಿಗೂ ಕೃತಜ್ಞತೆಗಳು. 8.5 ಲಕ್ಷದಲ್ಲಿ 3 ಲಕ್ಷ ಯಂತ್ರದ ಮರುಮಾರಾಟದ ಬೆಲೆ; ಮಾರುವವರ ಬಾಯಿಮಾತನ್ನೇ ನಂಬಿ ಅದನ್ನು ಬರೆದುಕೊಂಡಿದ್ದೆ. ಬ್ಯಾಂಕಿನವರ ಪ್ರಶ್ನೆಗೂ ಉತ್ತರಿಸುತ್ತೇನೆ: ನಮ್ಮ ಹಳೆಯ ಕಟಿಂಗ್ ಯಂತ್ರ ಮುಂದಿನ ವರ್ಷ ಬದಲಾಗಬೇಕಿದೆ, ಮತ್ತು ನೋಟ್‌ಬುಕ್‌ನ 5 ಲಕ್ಷ ಬಂದರೆ ಅಲ್ಲಿಗೇ ಹೋಗುತ್ತದೆ. ಅದು 14%ಕ್ಕಿಂತ ಹೆಚ್ಚು ಉಳಿಸುತ್ತದೆಯೋ ಇಲ್ಲವೋ ಎಂದು ನಾನು ಎಂದೂ ಲೆಕ್ಕ ಹಾಕಿಲ್ಲ. ಈ ವಾರ ವ್ಯರ್ಥವಾಗುವ ಕಾಗದವನ್ನು ತೂಗಿ ನೋಡಿ, ಹಳೆಯ ಡಬ್ಬಿ ಯಂತ್ರಗಳ ಮಾರಾಟದ ಬೆಲೆಯನ್ನೂ ನಾಲ್ಕು ಕಡೆ ವಿಚಾರಿಸಿ ಬರೆಯುತ್ತೇನೆ.