ನಾಲ್ಕು ದಶಾಂಶದ ಪಾಯಿಂಟ್‌ಗಳು, ನಡುಗುವ ಸ್ಪ್ಲೈನ್

ರೆಕ್ಕೆಪುಕ್ಕ, ಕುವೆಂಪುನಗರ

ಗ್ಲೈಡರ್‌ಗೆ ನಾಕಾ 2412 ರೆಕ್ಕೆ ಮಾಡ್ತಿದ್ದೇನೆ. ಮೂಗಿನಿಂದ ಹಿಂದಿನ ತುದಿಯವರೆಗೆ ಕಾರ್ಡ್ 200 ಮಿ.ಮೀ. ಸೀನಿಯರ್ ಕೊಟ್ಟ ಶೀಟ್‌ನಲ್ಲಿ 200 ಪಾಯಿಂಟ್ ಇವೆ, ಕಾರ್ಡ್ 1 ಅಂತ ಹಿಡಿದು ಚುಕ್ಕಿಯ ನಂತರ ನಾಲ್ಕು ಅಂಕಿ. ಅದನ್ನು 200ರಿಂದ ಗುಣಿಸಿ ಸಾಲಿಡ್‌ವರ್ಕ್ಸ್‌ಗೆ `Curve Through XYZ Points` ಮೂಲಕ ತಂದು, ಸ್ಕೆಚ್‌ಗೆ ಕನ್ವರ್ಟ್ ಮಾಡಿದೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತೆ. ಆದರೆ ಕರ್ವೇಚರ್ ಕೋಂಬ್ ಹಾಕಿದರೆ ಕೊಯ್ದ ಗದ್ದೆಯ ಕೂಳೆ ಹಾಗೆ ಉದ್ದ ಗಿಡ್ಡ, ಕೆಲವು ಕಡೆ ಒಳಮುಖ ಕೂಡ. ಲಾಫ್ಟ್ ಮಾಡಿದರೆ ಮೇಲ್ಮೈ ಮೇಲೆ ಅಲೆ ಅಲೆ. ಔಟ್‌ಲೈನ್ ಮುಚ್ಚಲೆಂದು ಮೊದಲ ಪಾಯಿಂಟನ್ನೇ ಕೊನೆಗೂ ಸೇರಿಸಿದೆ, ಹಿಂದಿನ ತುದಿಯಲ್ಲಿ ಕೊಕ್ಕೆ ಬಂತು. ಪಾಯಿಂಟ್ ಇನ್ನೂ ಜಾಸ್ತಿ ಮಾಡಬೇಕಾ? ಮಾಡಿದವರು ಹೇಳಿ.

ಡ್ರಾಫ್ಟಿಂಗ್ ಟೇಬಲ್, ಹೂಟಗಳ್ಳಿ

ಒಂದೇ ಸ್ಪ್ಲೈನ್ ಸುತ್ತಿಸಬೇಡ ಗುರು. ಮೇಲಿಂದು ಒಂದು, ಕೆಳಗಿಂದು ಒಂದು, ಎರಡು ಮಾಡು. ಮೂಗಿನ ಹತ್ರ ಒಂದು ನೆಟ್ಟಗಿನ ಗೆರೆ ಎಳೆದು ಎರಡಕ್ಕೂ ಟ್ಯಾಂಜೆಂಟ್ ಕೊಡು. ಹಿಂದೆ ಸುಮ್ನೆ ಚಿಕ್ಕ ಗೆರೆ ಹಾಕಿ ಮುಚ್ಚು. ನಾನು 0012ಗೆ ಯಾವಾಗಲೂ ಹೀಗೇ ಮಾಡೋದು, ಒಂದು ದಿನವೂ ತೊಂದರೆ ಆಗಿಲ್ಲ. ಕೂಳೆ ಹೋಗಬೇಕಾದರೆ ಪಾಯಿಂಟ್ 400 ಮಾಡಿ ನೋಡು, ಹತ್ತಿರ ಹತ್ತಿರ ಇದ್ದಷ್ಟೂ ಕರ್ವ್ ಅಲ್ಲಾಡೋಕೆ ಜಾಗ ಇರಲ್ಲ.

ಆಲೆಮನೆ, ಪಾಂಡವಪುರ

ನನ್ನದೂ ಇದೇ ಗೋಳು. ಕಬ್ಬಿನ ಗಾಣದ ಟ್ರ್ಯಾಶ್ ಪ್ಲೇಟ್ ಸವೆದಿತ್ತು, ಹೊಸದು ಮಾಡಿಸಬೇಕಿತ್ತು. ಹಳೇದನ್ನು ಗ್ರಾಫ್ ಹಾಳೆ ಮೇಲಿಟ್ಟು 14 ಪಾಯಿಂಟ್ ಗುರುತು ಹಾಕಿಕೊಂಡೆ, ಮಗ ಅದನ್ನು ಕಂಪ್ಯೂಟರ್‌ಗೆ ಹಾಕಿದ. ಬಂದ ಕರ್ವ್ ನೋಡಿದರೆ ಗುಂಡಿ ಬಿದ್ದ ರಸ್ತೆ. ಪೆನ್ಸಿಲ್ ಗುರುತು ಅರ್ಧ ಮಿಲಿಮೀಟರ್ ಆಚೀಚೆ ಆಗೇ ಆಗುತ್ತೆ, ಕಂಪ್ಯೂಟರ್ ಮಾತ್ರ ಪ್ರತಿ ಗುರುತನ್ನೂ ದೇವರ ಮಾತು ಅಂತ ನಂಬಿಬಿಡ್ತು. ಕೊನೆಗೆ ಸ್ಪ್ಲೈನ್ ಬಿಟ್ಟು, ಒಂದಕ್ಕೊಂದು ಟ್ಯಾಂಜೆಂಟ್ ಆಗಿರುವ ಮೂರು ಆರ್ಕ್ ಹಾಕಿಸಿದೆ. ಗುರುತುಗಳ ಮೇಲೆ ಹೋಗಲಿಲ್ಲ, ಪಕ್ಕದಲ್ಲಿ ಹೋಯ್ತು. ಪ್ಲೇಟ್ ಚೆನ್ನಾಗಿ ಕೂತಿದೆ, ಜಲ್ಲೆ ಸಲೀಸಾಗಿ ದಾಟುತ್ತೆ. ನಿಮ್ಮ ರೆಕ್ಕೆಗೂ ಆರ್ಕ್ ಹಾಕಿ ನೋಡಿ ತಮ್ಮಾ.

ವಿಜಯನಗರ ಸೆಕೆಂಡ್ ಸ್ಟೇಜ್

ನಾನು ಫ್ಯಾನ್ ಬ್ಲೇಡ್ ಡಿಸೈನ್‌ನಲ್ಲಿ ಹನ್ನೊಂದು ವರ್ಷ ಇದ್ದೇನೆ, ಇದೇ ಕೂಳೆ ನೋಡಿ ಎಷ್ಟು ಸಂಜೆ ಹಾಳು ಮಾಡಿಕೊಂಡಿದ್ದೇನೋ ಲೆಕ್ಕವಿಲ್ಲ. ಆಲೆಮನೆಯವರು ಹೇಳಿದ್ದೇ ಇಲ್ಲಿನ ರೋಗ. ನಿಮ್ಮ ಶೀಟ್‌ನಲ್ಲೂ ಪೆನ್ಸಿಲ್ ಗುರುತಿನ ತಪ್ಪು ಇದೆ, ಅದು ನಾಲ್ಕನೇ ದಶಾಂಶದಲ್ಲಿ ಅಡಗಿ ಕೂತಿದೆ ಅಷ್ಟೇ.

ಲೆಕ್ಕ ಹಾಕಿ ನೋಡಿ. ನಾಲ್ಕು ಅಂಕಿಗೆ ನಿಲ್ಲಿಸಿದರೆ ಪ್ರತಿ ಪಾಯಿಂಟ್ ಎತ್ತರದಲ್ಲಿ 0.00005ರವರೆಗೆ ಆಚೀಚೆ ಇರಬಹುದು. 200 ಮಿ.ಮೀ. ಕಾರ್ಡ್‌ಗೆ ಅದು 0.01 ಮಿ.ಮೀ., ಕಣ್ಣಿಗೆ ಏನೂ ಅಲ್ಲ. ಆದರೆ ಕೋಂಬ್ ತೋರಿಸುವುದು ಎತ್ತರವನ್ನಲ್ಲ, ಬಾಗುವಿಕೆಯನ್ನು. ಬಾಗುವಿಕೆ ಗೊತ್ತಾಗಲು ಅಕ್ಕಪಕ್ಕದ ಮೂರು ಪಾಯಿಂಟ್ ಬೇಕು: ಎರಡು ಬದಿಯ ಎತ್ತರ ಕೂಡಿಸಿ, ನಡುವಿನದರ ಎರಡರಷ್ಟು ಕಳೆದು, ಪಾಯಿಂಟ್‌ಗಳ ನಡುವಿನ ದೂರದ ವರ್ಗದಿಂದ ಭಾಗಿಸಬೇಕು. ಎರಡು ಬದಿಯ ತಪ್ಪು ಮೇಲಕ್ಕೆ, ನಡುವಿನದು ಕೆಳಕ್ಕೆ ಎಳೆದರೆ ಭಾಗಿಸುವ ಮೊದಲೇ 0.0002ರ ತಪ್ಪು ನಿಲ್ಲುತ್ತೆ. ನಿಮ್ಮ ಪಾಯಿಂಟ್‌ಗಳು ಸುಮಾರು 0.01 ದೂರದಲ್ಲಿವೆ, ವರ್ಗ 0.0001. ಭಾಗಿಸಿದರೆ ತಪ್ಪು 2. ರೆಕ್ಕೆಯ ಮೇಲ್ಭಾಗದ ನಡುವೆ 2412ರ ನಿಜವಾದ ಬಾಗುವಿಕೆ 0.33ರ ಆಸುಪಾಸು. ಅಂದರೆ ನಿಜಕ್ಕಿಂತ ಆರು ಪಟ್ಟು ಗಲಾಟೆ! ಮಿಲಿಮೀಟರ್‌ನಲ್ಲಿ ಹೇಳುವುದಾದರೆ, 600 ಮಿ.ಮೀ. ತ್ರಿಜ್ಯ ಇರಬೇಕಾದ ಕಡೆ ಒಮ್ಮೆ ಉಬ್ಬು, ಒಮ್ಮೆ ತಗ್ಗು, 100 ಮಿ.ಮೀ. ತ್ರಿಜ್ಯದವು.

ಇದಕ್ಕೇ 400 ಪಾಯಿಂಟ್ ಮಾಡಬಾರದು. ದೂರ ಅರ್ಧವಾದರೆ ತಪ್ಪು ನಾಲ್ಕು ಪಟ್ಟು. ಅದೇ ಪಾಯಿಂಟ್‌ಗಳನ್ನು 0.05 ದೂರಕ್ಕೆ ಇಟ್ಟರೆ ತಪ್ಪು 0.08ಕ್ಕೆ ಇಳಿಯುತ್ತೆ. ಹಾಗಂತ ಮೂಗಿನ ಹತ್ತಿರ ಅಷ್ಟು ದೂರ ಬಿಡೋಕೆ ಆಗಲ್ಲ, ಅಲ್ಲಿ ಆಕಾರವೇ ತಪ್ಪಿ ಹೋಗುತ್ತೆ.

ನಿಮ್ಮದು 2412 ಆದ್ದರಿಂದ ಸುಲಭ. ಅದಕ್ಕೆ ಸೂತ್ರವೇ ಇದೆ, ಶೀಟ್ ಬಿಸಾಕಿ. ಸೂತ್ರದಿಂದ ಆರು ಅಂಕಿ ದಶಾಂಶದಲ್ಲಿ ಒಂದು ಬದಿಗೆ 30 ಪಾಯಿಂಟ್ ತೆಗೆಯಿರಿ. ಸಮದೂರದಲ್ಲಿ ಬೇಡ, `x = (1 - cos θ)/2` ಅಂತ ಇಟ್ಟು θ ಅನ್ನು ಸಮನಾಗಿ ಹಂಚಿ, ಆಗ ಮೂಗಿನ ಹತ್ತಿರ ತಾನೇ ದಟ್ಟವಾಗುತ್ತೆ. ಹಿಂದಿನ ತುದಿಯಿಂದ ಶುರು ಮಾಡಿ, ಮೇಲಿಂದ ಮೂಗಿಗೆ ಬಂದು, ಕೆಳಗಿಂದ ವಾಪಸ್ ಹೋಗುವ ಒಂದೇ ಸ್ಪ್ಲೈನ್ ಸಾಕು.

ಸೂತ್ರ ಇಲ್ಲದ ಏರ್‌ಫಾಯಿಲ್ ಸಿಕ್ಕಿದರೆ, ಕ್ಲಾರ್ಕ್ ವೈ ಅಂದುಕೊಳ್ಳಿ, ಆಗ ಆಲೆಮನೆಯವರ ದಾರಿ: ಪಾಯಿಂಟ್ ಮೇಲೇ ಹೋಗಬೇಕು ಅಂತ ಹಠ ಬಿಟ್ಟು ಪಕ್ಕದಲ್ಲಿ ಹೋಗುವ ಸ್ಪ್ಲೈನ್. ನಾನು ಪೈಥಾನ್‌ನಲ್ಲಿ ಮಾಡಿಕೊಂಡು ಆಮೇಲೆ ಕ್ಯಾಡ್‌ಗೆ ತರುತ್ತೇನೆ.

```python
import numpy as np
from scipy.interpolate import splprep, splev

x, y = np.loadtxt("rib.dat", skiprows=1, unpack=True)
tck, u = splprep([200*x, 200*y], s=0.007, k=3)
w = np.linspace(-1, 1, 61)
xn, yn = splev(0.5 + 0.5*w*abs(w)**0.7, tck)
np.savetxt("rib.txt", np.c_[xn, yn, 0*xn], fmt="%.6f")
```

ಇಲ್ಲಿ ಇರುವ ಗುಟ್ಟೆಲ್ಲ `s`ನಲ್ಲಿ. ಎಲ್ಲ ಪಾಯಿಂಟ್‌ಗಳಿಂದ ಸ್ಪ್ಲೈನ್ ಎಷ್ಟು ದೂರ ಸರಿಯಬಹುದೋ ಅದರ ವರ್ಗಗಳ ಒಟ್ಟು ಮೊತ್ತ ಅದು. ನಿಮ್ಮ ಅಂಕಿಗಳ ಹೆಜ್ಜೆ 0.02 ಮಿ.ಮೀ., ಅದರ ವರ್ಗವನ್ನು 12ರಿಂದ ಭಾಗಿಸಿ, 200ರಿಂದ ಗುಣಿಸಿದರೆ ಸುಮಾರು 0.007. ಅಲ್ಲಿಂದ ಶುರು ಮಾಡಿ. ಜಾಸ್ತಿ ಮಾಡುತ್ತಾ ಹೋದರೆ ಕೋಂಬ್ ಚೆಂದ ಆಗುತ್ತೆ, ಆದರೆ ಮೂಗು ಮೊಂಡಾಗುತ್ತೆ, ಯಾರಿಗೂ ಗೊತ್ತಾಗಲ್ಲ. ಗೊತ್ತಾಗಬೇಕಾದರೆ ಸ್ಪ್ಲೈನ್ ಮೇಲೆ `Show Minimum Radius` ಹಾಕಿ. 12 ಪರ್ಸೆಂಟ್ ದಪ್ಪದ ನಾಲ್ಕಂಕಿ ನಾಕಾಗೆ ಮೂಗಿನ ತ್ರಿಜ್ಯ ಕಾರ್ಡ್‌ನ 0.0159ರಷ್ಟು, ನಿಮಗೆ 3.17 ಮಿ.ಮೀ. ಬರಬೇಕು. ನಾನು ಹೊಸದರಲ್ಲಿ ಇದನ್ನು ನೋಡದೇ ಒಂದು ಬ್ಲೇಡ್‌ನ ಅಚ್ಚು ಕಡಿಸಿಬಿಟ್ಟಿದ್ದೆ. ನಯವಾಗಿ ಹೊಳೆಯುತ್ತಿತ್ತು. ಮೂಗು ಮಾತ್ರ ನಮ್ಮ ಡಿಸೈನಿನದ್ದಲ್ಲ.

ಫೈಲ್ ತೆಗೆಯುವಾಗ ಒಂದು ಸಲ ನೋಟ್‌ಪ್ಯಾಡ್‌ನಲ್ಲಿ ನೋಡಿ. ಕೆಲವು ಫೈಲ್‌ಗಳಲ್ಲಿ ಮೇಲಿನದು ಮೂಗಿನಿಂದ ಹಿಂದಕ್ಕೆ, ಆಮೇಲೆ ಕೆಳಗಿನದೂ ಮೂಗಿನಿಂದ ಹಿಂದಕ್ಕೆ ಇರುತ್ತೆ. ಅದನ್ನು ಹಾಗೇ ಕೊಟ್ಟರೆ ಸ್ಪ್ಲೈನ್ ಹೊಟ್ಟೆ ಸೀಳಿಕೊಂಡು ವಾಪಸ್ ಓಡುತ್ತೆ. ಮೇಲಿನ ಭಾಗವನ್ನು ತಿರುಗಿಸಿ, ಎರಡು ಸಲ ಬರುವ ಮೂಗಿನ ಪಾಯಿಂಟ್‌ನಲ್ಲಿ ಒಂದನ್ನು ಅಳಿಸಿ.

ಇನ್ನು ಕೊಕ್ಕೆ. ಮೂಲ ಸೂತ್ರದಲ್ಲಿ ಹಿಂದಿನ ತುದಿ ಮುಚ್ಚಿಲ್ಲ, 12 ಪರ್ಸೆಂಟ್‌ಗೆ ಕಾರ್ಡ್‌ನ 0.00252ರಷ್ಟು ಬಾಯಿ ತೆರೆದಿರುತ್ತೆ. ನಿಮಗೆ ಅರ್ಧ ಮಿಲಿಮೀಟರ್. ಮೊದಲ ಪಾಯಿಂಟ್ ಮತ್ತೆ ಹಾಕಿದರೆ ಸ್ಪ್ಲೈನ್ ಆ ಅರ್ಧ ಮಿಲಿಮೀಟರ್‌ನಲ್ಲೇ ತಿರುಗಬೇಕು. ಅದಕ್ಕೆ ಮೂಲೆ ತಿರುಗಲು ಬರಲ್ಲ, ಹೊರಗೆ ಹೋಗಿ ಬರುತ್ತೆ. ಹೂಟಗಳ್ಳಿಯವರು ಹೇಳಿದ ಹಾಗೆ ಆ ಪಾಯಿಂಟ್ ತೆಗೆದು ಗೆರೆ ಹಾಕಿ. ಆ ಮಾತು ಸರಿ.

ಮೂಗಿನ ನೆಟ್ಟಗಿನ ಗೆರೆ ಮಾತ್ರ 0012ಗೆ ಸರಿ, ಇದಕ್ಕಲ್ಲ. 2412ರ ಕ್ಯಾಂಬರ್ ಗೆರೆ ಮೂಗಿನಲ್ಲಿ 0.1 ಇಳಿಜಾರಿನಲ್ಲಿ ಹೊರಡುತ್ತೆ, ಅಂದರೆ ಮೂಗು 5.7 ಡಿಗ್ರಿ ವಾಲಿರುತ್ತೆ. ನೆಟ್ಟಗೆ ಹಿಡಿದರೆ ಮೇಲೆ ಒಂದು ಕಡೆ ಚಪ್ಪಟೆ, ಕೆಳಗೆ ಒಂದು ಕಡೆ ಉಬ್ಬು.

ಡ್ರಾಫ್ಟಿಂಗ್ ಟೇಬಲ್, ಹೂಟಗಳ್ಳಿ

ವಾಲಿರುವ ವಿಷಯ ಗೊತ್ತಿರಲಿಲ್ಲ ಅಕ್ಕ, ಒಪ್ಪಿಕೊಂಡೆ. ಗೆರೆಯನ್ನೇ 5.7 ಡಿಗ್ರಿ ವಾಲಿಸಿದರೆ ಎರಡು ಸ್ಪ್ಲೈನ್ ನಡೆಯುತ್ತಲ್ವಾ? ಪ್ಯಾರಾಮೀಟರ್ ಬದಲಾಯಿಸೋಕೆ ಅದೇ ಸುಲಭ.

ವಿಜಯನಗರ ಸೆಕೆಂಡ್ ಸ್ಟೇಜ್

ನಡೆಯುತ್ತೆ, ಆದರೆ ಟ್ಯಾಂಜೆಂಟ್ ಸೇರಿದರೂ ಬಾಗುವಿಕೆ ಸೇರಿರಲ್ಲ. ಮೇಲಿನದು 3.0, ಕೆಳಗಿನದು 3.4 ತ್ರಿಜ್ಯದಲ್ಲಿ ಬಂದು ಸೇರಬಹುದು. `Equal Curvature` ಕೂಡ ಕೊಡಬೇಕು.

ಲೇಸರ್ ಕಟಿಂಗ್, ಹೆಬ್ಬಾಳ

ಎಲ್ಲ ಓದಿದೆ. ಸಾರ್, ನನ್ನ ಹತ್ರ ಬರುವ ಬಾಲ್ಸಾ ರಿಬ್‌ಗಳಿಗೆ ಇದ್ಯಾವುದೂ ಬೇಡ. ಲೇಸರ್ ಕಿರಣವೇ 0.1, 0.2 ಮಿ.ಮೀ. ಮರ ಸುಡುತ್ತೆ, ಆಮೇಲೆ ನೀವು ಮರಳು ಕಾಗದದಲ್ಲಿ ಇನ್ನಷ್ಟು ತಿಕ್ಕುತ್ತೀರಿ. 0.01ಕ್ಕೆ ಯಾಕೆ ತಲೆ ಕೆಡಿಸಿಕೊಳ್ಳೋದು? ನನಗೆ ತೊಂದರೆ ಕೊಡೋದು ಬೇರೆ. ಸ್ಪ್ಲೈನ್ ಕೊಟ್ಟ ಡಿಎಕ್ಸ್‌ಎಫ್ ನನ್ನ ಮೆಷಿನ್‌ನಲ್ಲಿ ಸಾವಿರಾರು ಚಿಕ್ಕ ಗೆರೆ ಆಗುತ್ತೆ, ಹೆಡ್ ಗಡಗಡ ಅಂತ ನಡುಗುತ್ತೆ, ಅಂಚು ಕಪ್ಪಾಗುತ್ತೆ. ಆರ್ಕ್ ಮಾಡಿ ಕೊಟ್ಟರೆ ಬೆಣ್ಣೆ ಥರ ಕಟ್ ಆಗುತ್ತೆ. ಆಲೆಮನೆ ಅಣ್ಣನ ಕಡೆ ನನ್ನ ವೋಟು.

ವಿಜಯನಗರ ಸೆಕೆಂಡ್ ಸ್ಟೇಜ್

ಬರೀ ರಿಬ್ ಆದರೆ ನೀವು ಹೇಳಿದ್ದು ನಿಜ. ಇವರು ಲಾಫ್ಟ್ ಮಾಡುತ್ತಿದ್ದಾರೆ, ಅದು ಬೇರೆ. ಎಕ್ಸ್‌ಫಾಯಿಲ್‌ಗೆ ಹಾಕಿದರೂ ಈ ಪಾಯಿಂಟ್‌ಗಳಿಗೆ ಒತ್ತಡದ ಗ್ರಾಫ್ ಗರಗಸದ ಹಲ್ಲಿನ ಹಾಗೆ ಬರುತ್ತೆ. ಆರ್ಕ್‌ಗೂ ಅಲ್ಲೇ ಕಷ್ಟ, ಆರ್ಕ್ ಸೇರುವ ಜಾಗದಲ್ಲಿ ಬಾಗುವಿಕೆ ಮೆಟ್ಟಿಲು ಹತ್ತುತ್ತೆ. ಜಲ್ಲೆಗೆ ಅದು ಗೊತ್ತಾಗಲ್ಲ, ಗಾಳಿಗೆ ಗೊತ್ತಾಗುತ್ತೆ.

ಆಲೆಮನೆ, ಪಾಂಡವಪುರ

ಹಾರುವ ರೆಕ್ಕೆ ಅಂತ ಈಗ ಅರ್ಥ ಆಯ್ತು. ನಾನು ಗಾಳಿ ಹೊಡೆಯೋ ಬ್ಲೋಯರ್ ಇರಬೇಕು ಅಂದುಕೊಂಡಿದ್ದೆ.

ರೆಕ್ಕೆಪುಕ್ಕ, ಕುವೆಂಪುನಗರ

ಅಕ್ಕ, ಸೂತ್ರದಿಂದ 61 ಪಾಯಿಂಟ್ ತೆಗೆದು ಮತ್ತೆ ತಂದೆ. ಕೂಳೆ ಹೋಯ್ತು, ಕೋಂಬ್ ಈಗ ಬೀಸಣಿಗೆ ಹಾಗೆ ಬಿಡಿಸಿಕೊಂಡಿದೆ. ಕನಿಷ್ಠ ತ್ರಿಜ್ಯ 3.19 ತೋರಿಸುತ್ತಿದೆ. ತುದಿಗೆ ಗೆರೆ ಹಾಕಿ ಮುಚ್ಚಿದೆ, ಕೊಕ್ಕೆಯೂ ಇಲ್ಲ. ಹಳೇ ಶೀಟನ್ನೂ `s=0.007` ಹಾಕಿ ನೋಡಿದೆ, ಮೇಲ್ಭಾಗ ಹೆಚ್ಚುಕಡಿಮೆ ಅದೇ ಬಂತು, ಮೂಗು 3.4 ಆಯ್ತು.

ಒಂದು ಮಾತ್ರ ಬಗೆಹರಿದಿಲ್ಲ. ಹಿಂದಿನ ತುದಿಯ ಕೊನೆಯ ಹತ್ತು ಮಿಲಿಮೀಟರ್‌ನಲ್ಲಿ ಕೋಂಬ್ ಕುಗ್ಗುತ್ತಾ ಸೊನ್ನೆಗೆ ಬೀಳುತ್ತೆ. ಸೂತ್ರದ ಪ್ರಕಾರ ಮೇಲ್ಭಾಗದ ತುದಿಯಲ್ಲೂ 0.28ರಷ್ಟು ಬಾಗುವಿಕೆ ಉಳಿದಿರಬೇಕಲ್ವಾ?

ವಿಜಯನಗರ ಸೆಕೆಂಡ್ ಸ್ಟೇಜ್

ಉಳಿದಿರಬೇಕು. ತುದಿಯ ಆಚೆ ಪಾಯಿಂಟ್ ಇಲ್ಲ, ಹಾಗಾಗಿ ಪ್ರೋಗ್ರಾಂ ಅಲ್ಲಿ ನೇರ ಗೆರೆ ಅಂತ ತಾನೇ ಊಹಿಸಿಕೊಂಡಿರಬೇಕು. ಸೂತ್ರದಿಂದ ತುದಿಯ ಇಳಿಜಾರು ಲೆಕ್ಕ ಹಾಕಿ, ಸ್ಪ್ಲೈನ್‌ನ ಎರಡೂ ತುದಿಯ ಹ್ಯಾಂಡಲ್‌ಗೆ ಆ ಕೋನ ಕೊಟ್ಟು ನೋಡಿ. ನನಗೆ ಒಮ್ಮೆ ಅದರಿಂದ ಸರಿಹೋಗಿತ್ತು, ಇನ್ನೊಮ್ಮೆ ಹೋಗಲಿಲ್ಲ. ಮೂಗು 3.4 ಬಂದಿದ್ದಕ್ಕೆ `s` ಅರ್ಧ ಮಾಡಿ, ಏನು ಬಂತು ಅಂತ ಹೇಳಿ.