ತಂಬೂರಿಯ ಮೇಲೆ ನಿಧಾನದ ಮೋಹನ: ಗಾಂಧಾರ ಮಾತ್ರ ಯಾಕೆ ನಡುಗುತ್ತದೆ?

ಯೋಗ ಶಿಕ್ಷಕಿ, ಮೈಸೂರು

ಶವಾಸನದ ಹೊತ್ತಿಗೆ ಹಾಕೋಕೆ 15 ನಿಮಿಷದ ಒಂದು ಟ್ರ್ಯಾಕ್ ಮಾಡುತ್ತಿದ್ದೇನೆ. ಕೆಳಗೆ ತಂಬೂರಿ, ಸಿ ಶಾರ್ಪ್ ಶ್ರುತಿ, ಪ ಸ ಸ ಸ. ನಮ್ಮ ಸಂಗೀತದ ಮೇಷ್ಟರ ಮನೆಯ ತಂಬೂರಿಯನ್ನೇ ರೆಕಾರ್ಡ್ ಮಾಡಿಕೊಂಡೆ. ಮೇಲೆ ಕೀಬೋರ್ಡಿನ ಕೊಳಲಿನ ಧ್ವನಿಯಲ್ಲಿ ಮೋಹನ, ಒಂದೊಂದು ಸ್ವರ ಎಂಟು ಹತ್ತು ಸೆಕೆಂಡ್. ಸ, ಪ ಚೆನ್ನಾಗಿ ಕೂರುತ್ತವೆ. ಗ ಹಿಡಿದಾಗ ಮಾತ್ರ ಏನೋ ನಡುಗಿದ ಹಾಗೆ ಆಗುತ್ತೆ. ಟ್ಯೂನರ್‌ನಲ್ಲಿ ನೋಡಿದರೆ ಕೀಬೋರ್ಡ್ ಸರಿಯಾಗೇ ಇದೆ. ಯಾವುದನ್ನು ಸರಿಮಾಡಬೇಕು?

ಭಜನೆಗೆ ಹಾರ್ಮೋನಿಯಂ ನುಡಿಸುವವರು

ಮೇಡಂ, ಕೀಬೋರ್ಡ್ ಮತ್ತು ತಂಬೂರಿಯ ಶ್ರುತಿ ಬೇರೆ ಬೇರೆ, ಅದೇ ತೊಂದರೆ. ಕೀಬೋರ್ಡನ್ನು 440ರಿಂದ 432ಕ್ಕೆ ಇಳಿಸಿ. ಧ್ಯಾನದ ಸಂಗೀತಕ್ಕೆಲ್ಲ ಈಗ ಅದನ್ನೇ ಇಡುತ್ತಾರೆ.

ರೆಕಾರ್ಡಿಂಗ್ ಎಂಜಿನಿಯರ್ (ವೀಣೆಯನ್ನೂ ನುಡಿಸುತ್ತೇನೆ)

ಸರ್ ಹೇಳಿದ್ದರಲ್ಲಿ ಮೊದಲ ಮಾತು ಸರಿ. ಎರಡೂ ಒಂದೇ ಲೆಕ್ಕದಲ್ಲಿ ಶ್ರುತಿಯಾಗಿಲ್ಲ. ಆದರೆ 432ಕ್ಕೆ ಇಳಿಸಿದರೆ ಎಲ್ಲ ಸ್ವರಗಳೂ ಒಟ್ಟಿಗೆ ಇಳಿಯುತ್ತವೆ. ಈಗ ಚೆನ್ನಾಗಿ ಕೂತಿರುವ ಸ ಕೂಡ ತಂಬೂರಿಯನ್ನು ಬಿಟ್ಟುಹೋಗುತ್ತೆ. ತಂಬೂರಿಯನ್ನೂ ಜೊತೆಗೇ ಇಳಿಸಿದಿರಿ ಅಂತಿಟ್ಟುಕೊಳ್ಳಿ, ಆಗಲೂ ಸ ಮತ್ತು ಗ ನಡುವಿನ ಅಂತರ ಹಾಗೇ ಉಳಿಯುತ್ತೆ. ನಡುಕವೂ ಉಳಿಯುತ್ತೆ.

ಮೇಡಂ, ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ತಂಬೂರಿಯನ್ನು ಮ್ಯೂಟ್ ಮಾಡಿ ಕೀಬೋರ್ಡಿನ ಗ ಒಂದನ್ನೇ ಕೇಳಿ. ಆಗಲೂ ನಡುಗಿದರೆ ಅದು ಆ ಕೊಳಲಿನ ಧ್ವನಿಗೇ ಸೇರಿಸಿರುವ ವೈಬ್ರಾಟೊ, ಅದನ್ನು ಆಫ್ ಮಾಡಿದರೆ ಮುಗಿಯಿತು. ಒಂಟಿಯಾಗಿ ನೇರವಾಗಿದ್ದು, ತಂಬೂರಿ ಸೇರಿದಾಗ ಮಾತ್ರ ನಡುಗಿದರೆ ಮುಂದೆ ಓದಿ.

ಈಗ ಹೆಡ್‌ಫೋನ್ ಹಾಕಿಕೊಂಡು ಬರೀ ತಂಬೂರಿಯನ್ನು ಕೇಳಿ. ಮಂದ್ರ ಸ ಮೀಟಿದ ಮೇಲೆ ಸ್ವಲ್ಪ ಕಾಯಿರಿ. ತಂತಿಯ ಒಳಗಿಂದ ಗಾಂಧಾರ ಮೆಲ್ಲಗೆ ಎದ್ದು ಬರುತ್ತದೆ. ಅದನ್ನು ಯಾರೂ ಮೀಟಿಲ್ಲ, ಆದರೂ ಇದೆ. ಆ ತಂತಿ ಸೆಕೆಂಡಿಗೆ ಸುಮಾರು 69.3 ಸಲ ಕಂಪಿಸುತ್ತೆ. ಅದರ ಐದು ಪಟ್ಟು, 346.5ರಲ್ಲಿ, ಈ ಗ ಹುಟ್ಟುತ್ತದೆ. ಕುದುರೆಯ ಮೇಲೆ ತಂತಿಯ ಕೆಳಗೆ ಸೇರಿಸುವ ನೂಲು ಸರಿಯಾದ ಜಾಗದಲ್ಲಿ ಕೂತಷ್ಟೂ ಅದು ಸ್ಪಷ್ಟ. ನಿಮ್ಮ ಮೇಷ್ಟರು ಜೀವ ಚೆನ್ನಾಗಿ ಹಿಡಿದಿರಬೇಕು, ಅದಕ್ಕೇ ನಿಮಗೆ ಇಷ್ಟು ಕೇಳಿಸುತ್ತಿದೆ.

ಕೀಬೋರ್ಡಿನ ಗ ಇರುವುದು 349.2ರಲ್ಲಿ. ಅಲ್ಲಿ ಹನ್ನೆರಡೂ ಮನೆಗಳನ್ನು ಒಂದೇ ಅಳತೆಗೆ ಕತ್ತರಿಸಿಟ್ಟಿದ್ದಾರೆ. ನಿಮ್ಮ ಟ್ಯೂನರ್ ಕೂಡ ಅದೇ ಅಳತೆಯಲ್ಲಿ ನೋಡುತ್ತೆ, ಆದ್ದರಿಂದ ಸರಿ ಅನ್ನುತ್ತೆ. ಎರಡು ಗಾಂಧಾರಗಳ ನಡುವೆ ಸೆಕೆಂಡಿಗೆ 2.7ರಷ್ಟು ವ್ಯತ್ಯಾಸ. ನೀವು ಕೇಳುತ್ತಿರುವ ನಡುಕ ಇದೇ. ಗಡಿಯಾರ ನೋಡಿಕೊಂಡು ಹತ್ತು ಸೆಕೆಂಡ್ ಎಣಿಸಿ, ಸುಮಾರು 27 ಅಲೆ ಸಿಗಬೇಕು. ಪ ವಿಷಯದಲ್ಲೂ ವ್ಯತ್ಯಾಸ ಇದೆ, ಆದರೆ ಸುಮಾರು ಎರಡು ಸೆಕೆಂಡಿಗೆ ಒಂದೇ ಅಲೆ. ಅದು ಕಿವಿಗೆ ಉಸಿರಾಟದ ಹಾಗಿರುತ್ತೆ, ತೊಂದರೆ ಕೊಡಲ್ಲ. ವೇಗದ ಹಾಡಿನಲ್ಲಿ ಗ ಬಂದು ಹೋಗುವುದೇ ಗೊತ್ತಾಗಲ್ಲ. ನೀವು ಹತ್ತು ಸೆಕೆಂಡ್ ಹಿಡಿದು ನಿಲ್ಲಿಸುತ್ತಿದ್ದೀರಿ, ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ.

ಸರಿಮಾಡುವುದು ಸುಲಭ. ಕೊಳಲಿನ ಟ್ರ್ಯಾಕನ್ನು ಡೂಪ್ಲಿಕೇಟ್ ಮಾಡಿ. ಹೊಸ ಟ್ರ್ಯಾಕಿನ ಫೈನ್ ಟ್ಯೂನ್ 14 ಸೆಂಟ್ ಕೆಳಗಿಡಿ. ಗ ಸ್ವರಗಳನ್ನೆಲ್ಲ ಅಲ್ಲಿ ಉಳಿಸಿ, ಮಿಕ್ಕವನ್ನು ಅಳಿಸಿ. ಹಳೆಯ ಟ್ರ್ಯಾಕಿನಲ್ಲಿ ಗ ಅಳಿಸಿ. ಪಿಚ್ ಬೆಂಡ್‌ನಲ್ಲೂ ಮಾಡಬಹುದು, ಆದರೆ ಹಿಂದಿನ ರಿ ಇನ್ನೂ ಆರುತ್ತಿರುವಾಗಲೇ ಬೆಂಡ್ ಬಂದರೆ ಅದರ ಬಾಲವೂ ಜಾರುತ್ತೆ. ನಿಧಾನದ ಟ್ರ್ಯಾಕಿನಲ್ಲಿ ಅದು ಎದ್ದು ಕೇಳಿಸುತ್ತೆ.

14 ಅನ್ನೋದು ಶುರುವಿನ ಅಂದಾಜು. ಆಮೇಲೆ ಒಂದೊಂದೇ ಸೆಂಟ್ ಹಿಂದೆ ಮುಂದೆ ಮಾಡಿ. ಅಲೆ ನಿಧಾನವಾಗುತ್ತಾ ಬಂದು ನಿಲ್ಲುವ ಜಾಗ ಸಿಗುತ್ತೆ. ಅಲ್ಲಿ ಗ ತಂಬೂರಿಯೊಳಗೆ ಕರಗಿದ ಹಾಗಾಗುತ್ತೆ. ಅದೇ ನಿಮ್ಮ ಜಾಗ.

ಕೊಳಲು ಕಲಿಯುತ್ತಿರುವವನು, ಧಾರವಾಡ

ಸರ್, ನನ್ನದೂ ಇದೇ ತೊಂದರೆ. ತಂಬೂರಿಯ 20 ಸೆಕೆಂಡಿನ ತುಣುಕನ್ನು ಲೂಪ್ ಮಾಡಿದ್ದೇನೆ. ಪ್ರತಿ ಸಲ ತಿರುಗುವಾಗ ಟಕ್ ಅನ್ನುತ್ತೆ. ಇದಕ್ಕೂ 14 ಸೆಂಟ್ ಇಳಿಸಬೇಕಾ?

ರೆಕಾರ್ಡಿಂಗ್ ಎಂಜಿನಿಯರ್

ಇಲ್ಲಪ್ಪಾ, ನಿಂದು ಬೇರೆ. ಕತ್ತರಿಸಿದ ಜಾಗದಲ್ಲಿ ಅಲೆ ಮುರಿದಿದೆ, ಅದೇ ಟಕ್. ಪ ಮೀಟುವುದಕ್ಕೆ ಸ್ವಲ್ಪ ಮೊದಲು ಕತ್ತರಿಸು. ಎರಡು ತುದಿಗಳನ್ನೂ ಅರ್ಧ ಸೆಕೆಂಡಿನಷ್ಟು ಒಂದರ ಮೇಲೊಂದು ಹಾಯಿಸಿ ಕ್ರಾಸ್‌ಫೇಡ್ ಕೊಡು. ಟಕ್ ಹೋಗುತ್ತೆ.

ಆದರೆ 20 ಸೆಕೆಂಡ್ ತುಂಬಾ ಚಿಕ್ಕದು. ಬೆರಳು ಒಂದು ಸಲ ಜೋರಾಗಿ ತಾಗಿದ್ದರೆ ಸಾಕು, ಅದು 15 ನಿಮಿಷದಲ್ಲಿ 45 ಸಲ ಬರುತ್ತೆ. ಕಣ್ಣು ಮುಚ್ಚಿ ಮಲಗಿದವರಿಗೆ ಮೂರನೇ ಸಲಕ್ಕೇ ಗೊತ್ತಾಗುತ್ತೆ. ಆಮೇಲೆ ಅವರು ಅದನ್ನೇ ಕಾಯುತ್ತಾರೆ. ಸಾಧ್ಯವಾದರೆ ಪೂರ್ತಿ ಹೊತ್ತು ಮೀಟಿಸಿಯೇ ರೆಕಾರ್ಡ್ ಮಾಡು. ಆಗದಿದ್ದರೆ ನಾಲ್ಕು ನಿಮಿಷದ ಒಂದು, ಐದೂಕಾಲು ನಿಮಿಷದ ಒಂದು, ಹೀಗೆ ಎರಡು ತುಣುಕುಗಳನ್ನು ಸಣ್ಣಗೆ ಒಟ್ಟಿಗೆ ಓಡಿಸು. ಎರಡೂ ಒಂದೇ ಜಾಗದಲ್ಲಿ ಮತ್ತೆ ಸೇರುವಷ್ಟರಲ್ಲಿ ನಿನ್ನ ಟ್ರ್ಯಾಕ್ ಮುಗಿದಿರುತ್ತೆ.

ಸಂಗೀತ ಶಿಕ್ಷಕಿ, ಶಿವಮೊಗ್ಗ

14 ಸೆಂಟ್ ಲೆಕ್ಕ ಒಪ್ಪುತ್ತೇನೆ. ಆದರೆ ನಮ್ಮ ಮೋಹನದಲ್ಲಿ ಗ ಹೀಗೆ ಕಂಬದ ಹಾಗೆ ನಿಲ್ಲುವುದು ಅಪರೂಪ ಅಲ್ವಾ? ಗಮಕ ಇದ್ದರೆ ಈ ಜಗಳವೇ ಇರಲ್ಲ. ಧೈವತವನ್ನೂ ಒಮ್ಮೆ ಕೇಳಿ ನೋಡಿ. ನನಗೆ ಕೀಬೋರ್ಡಿನ ದ ಸ್ವಲ್ಪ ಏರು ಅನ್ನಿಸುತ್ತೆ.

ರೆಕಾರ್ಡಿಂಗ್ ಎಂಜಿನಿಯರ್

ಗಮಕದ ಮಾತು ನಿಜ ಮೇಡಂ. ಆದರೆ ಮಲಗಿ ಉಸಿರು ನೋಡುವವರಿಗೆ ಅಲುಗದ ಸ್ವರವೇ ಬೇಕು ಅಂತ ಇವರ ಆಯ್ಕೆ, ಹಾಗಾಗಿ ಗ ನಿಲ್ಲಲೇಬೇಕು. ದ ವಿಷಯದಲ್ಲಿ ನನ್ನ ಕಿವಿ ಬೇರೆ ಹೇಳುತ್ತೆ. ಈ ತಂಬೂರಿ ಗಾಂಧಾರವನ್ನು ಕೊಟ್ಟ ಹಾಗೆ ಧೈವತವನ್ನು ಕೊಡಲ್ಲ, ಅಷ್ಟು ಜಗಳವೂ ಇಲ್ಲ. ನಾನು ಹಾಗೇ ಬಿಡುತ್ತೇನೆ. ನೀವು ಇಳಿಸಿದರೆ ತಪ್ಪು ಅನ್ನಲಾರೆ.

ಯೋಗ ಶಿಕ್ಷಕಿ, ಮೈಸೂರು

ಎಣಿಸಿದೆ ಸರ್. ಹತ್ತು ಸೆಕೆಂಡಿಗೆ 26 ಬಂತು! 13ಕ್ಕೆ ಇಳಿಸಿದಾಗ ಅಲೆ ನಿಂತಿತು. ಗ ಯಾವಾಗ ಶುರುವಾಯಿತು ಅಂತಲೇ ಗೊತ್ತಾಗಲ್ಲ, ತಂಬೂರಿಯೇ ಹಾಡಿದ ಹಾಗಿದೆ.

ಇನ್ನೊಂದು ಕೇಳಬೇಕಿತ್ತು. ಮುಂದಿನದು ಹಿಂದೋಳದಲ್ಲಿ ಮಾಡುವ ಆಸೆ. ಅಲ್ಲಿ ಪ ಇಲ್ಲ, ತಂಬೂರಿಯ ಪ ತಂತಿಯನ್ನು ಮ ಗೆ ಇಳಿಸಿದರೆ ಸಾಕಾ?

ರೆಕಾರ್ಡಿಂಗ್ ಎಂಜಿನಿಯರ್

ಇಳಿಸಲೇಬೇಕು, ಆದರೆ ಅದು ಅರ್ಧ ಕೆಲಸ. ಹಿಂದೋಳದ್ದು ಸಾಧಾರಣ ಗಾಂಧಾರ. ಮಂದ್ರ ಸ ತಂತಿ ಮಾತ್ರ ತನ್ನ ಅಂತರ ಗಾಂಧಾರವನ್ನು ಹಾಡುತ್ತಲೇ ಇರುತ್ತೆ. ಮ ತಂತಿಯೂ ಹಾಗೇ, ರಾಗಕ್ಕೆ ಬೇಕಾದ ಶುದ್ಧ ಧೈವತದ ಪಕ್ಕದ ಚತುಶ್ರುತಿ ಧೈವತವನ್ನು ಎಬ್ಬಿಸುತ್ತೆ. ಇಲ್ಲಿ ಸೆಂಟ್ ಲೆಕ್ಕ ಕೆಲಸ ಮಾಡಲ್ಲ, ಅವು ಬೇರೆ ಸ್ವರಗಳೇ. ಈಕ್ಯೂನಲ್ಲಿ 346ರ ಸುತ್ತ ಕತ್ತರಿಸಿ ನೋಡಿದ್ದೇನೆ. ಗ ಹೋಯಿತು, ಜೊತೆಗೆ ತಂಬೂರಿಯ ಮೈಯೂ ಸಪ್ಪೆಯಾಯಿತು. ನೂಲನ್ನು ಸ್ವಲ್ಪ ಸರಿಸಿ ಜೀವ ಕಡಿಮೆ ಮಾಡಿ ರೆಕಾರ್ಡ್ ಮಾಡಿದ್ದು ಅದಕ್ಕಿಂತ ಪರವಾಗಿಲ್ಲ. ಪೂರ್ತಿ ಸಮಾಧಾನ ನನಗಿನ್ನೂ ಸಿಕ್ಕಿಲ್ಲ.

ಸಂಗೀತ ಶಿಕ್ಷಕಿ, ಶಿವಮೊಗ್ಗ

ಆ ತಿಕ್ಕಾಟವೇ ಹಿಂದೋಳದ ರುಚಿ ಅಂತ ನನಗೆ. ಜೀವ ಕಡಿಮೆ ಮಾಡಬೇಡಿ ಮೇಡಂ, ಗ ಮೇಲೆ ಜಾಸ್ತಿ ನಿಲ್ಲದೆ ಮ ಮೇಲೆ ನಿಲ್ಲಿ. ಎರಡೂ ಥರ ಮಾಡಿ ಇಲ್ಲೇ ಹಾಕಿ, ಕೇಳೋಣ.