ಪುಟಿಯುವ ಚೆಂಡಿನ ಒಟ್ಟು ದೂರ: ನನಗೆ 10 ಮೀಟರ್ ಬರುತ್ತಿದೆ, ಉತ್ತರ 8 ಅಂತಿದೆ

ನೀಲಿಚುಕ್ಕಿ: 2 ಮೀಟರ್ ಎತ್ತರದಿಂದ ಚೆಂಡು ಬೀಳುತ್ತದೆ. ಪ್ರತಿ ಸಲ ಹಿಂದಿನ ಎತ್ತರದ 0.6ರಷ್ಟು ಮೇಲೇಳುತ್ತದೆ. ನಿಲ್ಲುವವರೆಗೆ ಒಟ್ಟು ಎಷ್ಟು ದೂರ ಚಲಿಸುತ್ತದೆ? ನಾನು `a/(1-r)` ಹಾಕಿದೆ. 2/0.4 = 5. ಮೇಲೆ ಹೋಗಿ ಕೆಳಗೆ ಬರುತ್ತದೆ ಅಲ್ವಾ, ಅದಕ್ಕೆ ಎರಡರಿಂದ ಗುಣಿಸಿದೆ. 10 ಬಂತು. ಎಲ್ಲಿ ತಪ್ಪಿದೆ?

ಎರಡನೇಬೆಂಚು: ನಿಮ್ಮ 10, ಕೊಟ್ಟಿರುವ ಉತ್ತರ 8, ಎರಡೂ ತಪ್ಪು ಅನ್ಸುತ್ತೆ. ನೆಲಕ್ಕೆ ಬಡಿದಾಗ ವೇಗ 0.6ರಷ್ಟು ಉಳಿದರೆ ಎತ್ತರ 0.36ರಷ್ಟೇ ಬರುತ್ತದೆ. ನನಗೆ 4.25 ಮೀಟರ್ ಬಂತು.

ಹಳೇಮೇಷ್ಟ್ರು: ಎರಡನೇಬೆಂಚು ಅವರೇ, ನಿಮ್ಮ ಲೆಕ್ಕ ಸರಿ, ಆದರೆ ಅದು ಬೇರೆ ಪ್ರಶ್ನೆಗೆ. ಇಲ್ಲಿ 0.6 ಎಂದು ಕೊಟ್ಟಿರುವುದು ಎತ್ತರಕ್ಕೆ, ವೇಗಕ್ಕಲ್ಲ.

ನೀಲಿಚುಕ್ಕಿ, ಮೊದಲ 2 ಮೀಟರನ್ನು ಚೆಂಡು ಕೆಳಗೆ ಮಾತ್ರ ಬಂದಿದೆ. ಅದನ್ನು ಹತ್ತಿಲ್ಲ. ನೀವು ಎಲ್ಲವನ್ನೂ ಎರಡು ಪಟ್ಟು ಮಾಡಿದಾಗ ಹತ್ತದ ಆ 2 ಮೀಟರೂ ಸೇರಿತು. 10ರಿಂದ ಅದನ್ನು ತೆಗೆದರೆ 8.

ನೀಲಿಚುಕ್ಕಿ: ಓ, ಗೊತ್ತಾಯಿತು! ಆದರೆ ಒಂದು ಮಾತು ಇನ್ನೂ ಕೊರೆಯುತ್ತಿದೆ. ಕೊನೆಯೇ ಇಲ್ಲದಷ್ಟು ಸಲ ಪುಟಿದರೂ ದೂರ 8 ದಾಟುವುದಿಲ್ಲ ಯಾಕೆ?

ಗುಣಾಕಾರ: ಪುಟಿತ ಚಿಕ್ಕದಾಗುತ್ತಾ ಸೊನ್ನೆಗೆ ಹತ್ತಿರವಾಗುತ್ತದೆ. ಹಾಗಾಗಿ ಮೊತ್ತವೂ ನಿಲ್ಲಲೇಬೇಕು.

ಹಳೇಮೇಷ್ಟ್ರು: ಅಷ್ಟು ಸಾಲದು. 1 + 1/2 + 1/3 + 1/4 ಹೀಗೆ ಕೂಡುತ್ತಾ ಹೋಗಿ. ಇಲ್ಲೂ ಪದಗಳು ಸೊನ್ನೆಯತ್ತ ಹೋಗುತ್ತವೆ. ಆದರೆ ಮೊತ್ತ ನಿಲ್ಲುವುದಿಲ್ಲ, ನೀವು ಹೇಳಿದ ಯಾವ ಸಂಖ್ಯೆಯನ್ನಾದರೂ ಒಂದು ದಿನ ದಾಟುತ್ತದೆ. ಚಿಕ್ಕದಾದರೆ ಸಾಲದು, ಸಾಕಷ್ಟು ಬೇಗ ಚಿಕ್ಕದಾಗಬೇಕು. ನಮ್ಮ ಚೆಂಡಿನ ಪುಟಿತ ಪ್ರತಿ ಸಲ ಒಂದೇ ಪ್ರಮಾಣದಲ್ಲಿ ಚಿಕ್ಕದಾಗುತ್ತದೆ, ಅಷ್ಟು ಸಾಕು.

ಒಂದು ಹಾಳೆಯಲ್ಲಿ 8 ಮೀಟರಿಗೆ ಒಂದು ಗೆರೆ ಎಳೆಯಿರಿ. ಮೊದಲ ಬೀಳುವಿಕೆಗೆ 2 ಹೋಯಿತು, ಉಳಿದದ್ದು 6. ಮೊದಲ ಪುಟಿತ ಹತ್ತಲು 1.2, ಇಳಿಯಲು 1.2, ಒಟ್ಟು 2.4. ಉಳಿದದ್ದು 3.6. ಮುಂದಿನದಕ್ಕೆ 1.44, ಉಳಿದದ್ದು 2.16. ಗಮನಿಸಿ: ಪ್ರತಿ ಪುಟಿತವೂ ಉಳಿದ ಗೆರೆಯ ಐದರಲ್ಲಿ ಎರಡು ಭಾಗವನ್ನೇ ತಿನ್ನುತ್ತದೆ, ಮೂರು ಭಾಗ ಬಿಡುತ್ತದೆ. ಉಳಿದದ್ದರಲ್ಲಿ ಒಂದು ಪಾಲು ಮಾತ್ರ ತೆಗೆದುಕೊಳ್ಳುವವನು ಗೆರೆ ದಾಟುವುದು ಹೇಗೆ? ಹಾಗೆಯೇ, ಉಳಿಯುವ ತುಂಡು ನೀವು ಹೇಳಿದಷ್ಟು ಸಣ್ಣದಾಗುತ್ತದೆ. ಅದಕ್ಕೇ 8ಕ್ಕಿಂತ ಕಡಿಮೆಯ ಯಾವ ಸಂಖ್ಯೆಯೂ ಉತ್ತರವಾಗಲಾರದು.

ನೀಲಿಚುಕ್ಕಿ: ಸೂತ್ರಕ್ಕಿಂತ ಈ ಗೆರೆಯೇ ಚೆನ್ನಾಗಿ ಅರ್ಥವಾಯಿತು. 15ನೇ ಪುಟಿತದ ಎತ್ತರ 1 ಮಿಲಿಮೀಟರ್‌ಗಿಂತ ಕಡಿಮೆ ಬಂತು. ಅದರ ನಂತರ ಉಳಿಯುವ ದೂರ ಎಲ್ಲ ಸೇರಿ 3 ಮಿಲಿಮೀಟರೂ ಇಲ್ಲ.

ಎರಡನೇಬೆಂಚು: ನಾನು ರಬ್ಬರ್ ಚೆಂಡು ಬಿಟ್ಟು ವಿಡಿಯೋ ಮಾಡಿ ನೋಡಿದೆ. ಮೊದಲ ಮೂರ್ನಾಲ್ಕು ಪುಟಿತಕ್ಕೆ ಅನುಪಾತ ಹೆಚ್ಚುಕಡಿಮೆ ಒಂದೇ ಇತ್ತು. ಆಮೇಲೆ ಬದಲಾಯಿತು. ಅಳತೆ ತಪ್ಪೋ, ಚೆಂಡೇ ಹಾಗೋ?

ಹಳೇಮೇಷ್ಟ್ರು: ಎರಡೂ ಇರಬಹುದು. ಬಡಿತದ ವೇಗ ಬದಲಾದರೆ ಅನುಪಾತವೂ ಸ್ವಲ್ಪ ಬದಲಾಗುತ್ತದೆ. ಎತ್ತರಗಳನ್ನು ಇಲ್ಲಿ ಹಾಕಿ, ನೋಡೋಣ.